‘ಯಾರೂ ಮಾಡಿಲ್ಲ’ ಎಂಬುದು ಕಾರಣವಲ್ಲ

ಪಿಎಚ್‌.ಡಿ.ಗೆ ಹೊಸದಾಗಿ ಸೇರಿದವರಿಗೆ ನಮ್ಮಲ್ಲಿ ಹಿರಿಯರಿಂದ ಸಿಗುವ ಮೊದಲ ಬುದ್ಧಿಮಾತು ಹೀಗಿರುತ್ತದೆ: ಸಿನಾಪ್ಸಿಸ್‌ಗೆ ಅಷ್ಟೊಂದು ತಲೆ ಕೆಡಿಸಿಕೊಳ್ಳಬೇಡ, ಹಿಂದಿನ ಬ್ಯಾಚಿನವರದೊಂದು ಇಸಕೊಂಡು ಅದೇ ತಲೆಬರಹಗಳ ಕೆಳಗೆ ನಿನ್ನ ವಿಷಯ ಹಾಕು, ನಿಜವಾದ ಸಂಶೋಧನೆ ಆಮೇಲೆ ಶುರುವಾಗುತ್ತದೆ. ಹುಡುಗರು ಹಾಗೇ ಮಾಡುತ್ತಾರೆ. ಪೀಠಿಕೆ, ಉದ್ದೇಶಗಳು, ಮಹತ್ವ, ಪೂರ್ವಾಧ್ಯಯನಗಳ ಸಮೀಕ್ಷೆ, ವ್ಯಾಪ್ತಿ ಮತ್ತು ಮಿತಿ, ಅಧ್ಯಯನ ವಿಧಾನ, ಅಧ್ಯಾಯ ವಿಂಗಡಣೆ, ಗ್ರಂಥಋಣ. ಒಂದೊಂದಕ್ಕೂ ಅರ್ಧ ಪುಟ. ವಿಷಯ ವಚನವಾಗಲಿ, ವಲಸೆಯಾಗಲಿ, ತಾಮ್ರಶಾಸನವಾಗಲಿ, ಅರ್ಧ ಪುಟ ಮಾತ್ರ ತಪ್ಪುವುದಿಲ್ಲ.

ಈ ಬುದ್ಧಿಮಾತು ಎರಡು ರೀತಿಯಲ್ಲಿ ತಪ್ಪು. ಪ್ರಸ್ತಾವ ಸಂಶೋಧನೆಗೆ ಮೊದಲು ಬರುವ ಕಾಗದಪತ್ರ ಎಂದು ಅದು ತಿಳಿದಿದೆ. ಆ ತಲೆಬರಹಗಳು ತುಂಬಬೇಕಾದ ಖಾನೆಗಳು ಎಂದೂ ತಿಳಿದಿದೆ. ಒಂದೊಂದು ತಲೆಬರಹದ ಹಿಂದೆಯೂ ಒಬ್ಬ ಅನುಮಾನದ ಮನುಷ್ಯ ಕುಳಿತಿದ್ದಾನೆ, ಅವನಿಗೊಂದು ಪ್ರಶ್ನೆಯಿದೆ, ಆ ಭಾಗ ಇರುವುದೇ ಅವನಿಗೆ ಉತ್ತರ ಕೊಡುವುದಕ್ಕೆ. ಉತ್ತರ ದೊಡ್ಡದಾದರೆ ಆ ಭಾಗ ನಾಲ್ಕು ಪುಟವಾಗಬೇಕು, ಚಿಕ್ಕದಾದರೆ ಎರಡು ಸಾಲಿಗೆ ಮುಗಿಯಬೇಕು. ಯುಜಿಸಿಯ 2022ರ ಪಿಎಚ್‌.ಡಿ. ನಿಯಮಾವಳಿ ಕೂಡ ಸಂಶೋಧನ ಸಲಹಾ ಸಮಿತಿಯ ಕೆಲಸಗಳಲ್ಲಿ ಮೊದಲನೆಯದಾಗಿ ಹೇಳುವುದು ಪ್ರಸ್ತಾವವನ್ನು ಪರಿಶೀಲಿಸಿ ವಿಷಯ ಅಂತಿಮಗೊಳಿಸುವುದನ್ನೇ. ಪರಿಶೀಲಿಸುವುದೆಂದರೆ ಪುಟ ಎಣಿಸುವುದಲ್ಲವಷ್ಟೆ.

ಹೀಗೆ ಬರಿಯ ತತ್ತ್ವ ಹೇಳಿದರೆ ಯಾರೂ ಇಲ್ಲ ಎನ್ನುವುದಿಲ್ಲ, ಒಪ್ಪಿಕೊಂಡು ಮತ್ತೆ ಅದೇ ಖಾನೆ ತುಂಬುತ್ತಾರೆ. ಆದ್ದರಿಂದ ಒಂದು ವಿಷಯವನ್ನೇ ಹಿಡಿದು ನೋಡೋಣ. ಪುಣೆಯ ಯೆರವಡಾ ಎಂದರೆ ಎಲ್ಲರಿಗೂ ನೆನಪಾಗುವುದು ಜೈಲು, 1932ರ ಪುಣೆ ಒಪ್ಪಂದ. ಅದೇ ಯೆರವಡಾದಲ್ಲಿ ಡೆಕ್ಕನ್ ಕಾಲೇಜಿದೆ. 1821ರಲ್ಲಿ ಹುಟ್ಟಿದ ಸಂಸ್ಥೆ 1868ರಲ್ಲಿ ಇಲ್ಲಿನ ಕಲ್ಲಿನ ಕಟ್ಟಡಕ್ಕೆ ಬಂತು, 1939ರಲ್ಲಿ ಸ್ನಾತಕೋತ್ತರ ಸಂಶೋಧನ ಸಂಸ್ಥೆಯಾಗಿ ಮತ್ತೆ ತೆರೆಯಿತು. ಎಚ್‌.ಡಿ. ಸಾಂಕಳಿಯಾ ಪುರಾತತ್ತ್ವ ಕಲಿಸಿದ್ದು ಇಲ್ಲಿ. ಕರ್ನಾಟಕದ ಇತಿಹಾಸಪೂರ್ವ ಕಾಲದ ಬಗ್ಗೆ ಇಂದು ನಮಗೆ ಗೊತ್ತಿರುವುದರಲ್ಲಿ ದೊಡ್ಡ ಪಾಲು ಈ ಆವರಣದಿಂದ ಬಂದದ್ದು. ಬಿ. ಸುಬ್ಬರಾವ್ ಬಳ್ಳಾರಿಯ ಶಿಲಾಯುಗದ ಮೇಲೆ ಕೆಲಸ ಮಾಡಿದರು, ಎಂ.ಎಸ್. ನಾಗರಾಜರಾವ್ ತೆಕ್ಕಲಕೋಟೆ ಅಗೆದರು, ಕೆ. ಪದ್ದಯ್ಯ ಸುರಪುರ ಸೀಮೆಯಲ್ಲಿ ದಶಕಗಳನ್ನೇ ಕಳೆದರು. ಇಲ್ಲಿ ಕೂತು ಸುರಪುರ ತಾಲ್ಲೂಕಿನ ಬೂದಿದಿಬ್ಬಗಳ ಮೇಲೆ ಒಬ್ಬಳು ಪ್ರಸ್ತಾವ ಬರೆಯುತ್ತಿದ್ದಾಳೆ ಎಂದಿಟ್ಟುಕೊಳ್ಳಿ.

ಬೂದಿದಿಬ್ಬ ಗೊತ್ತಿಲ್ಲದವರಿಗೆ ಎರಡು ಮಾತು. ಬಳ್ಳಾರಿ, ರಾಯಚೂರು, ಯಾದಗಿರಿ, ಆಚೆ ಆಂಧ್ರ, ತೆಲಂಗಾಣಗಳಲ್ಲಿ ನೂರಕ್ಕೂ ಹೆಚ್ಚು ಕಡೆ ಬೂದಿಯ ಗುಡ್ಡೆಗಳಿವೆ. ಕೆಲವು ಒಂದಾಳೆತ್ತರವನ್ನೂ ಮೀರುತ್ತವೆ. ಒಳಗೆ ಮೆತ್ತನೆಯ ಬೂದಿಯ ಪದರ, ಅದರ ಮೇಲೆ ಕರಗಿ ಗಾಜಿನಂತೆ ಗಟ್ಟಿಯಾದ ಕಿಟ್ಟದ ಪದರ, ಮತ್ತೆ ಬೂದಿ. ಹಂಪಿಯ ಹತ್ತಿರ ನಿಂಬಾಪುರದ ದಿಬ್ಬವನ್ನು ಜನ ವಾಲಿಯ ಚಿತಾಭಸ್ಮ ಎನ್ನುತ್ತಾರೆ. ವಿದ್ವಾಂಸರೂ ಕಡಿಮೆಯೇನಿರಲಿಲ್ಲ: ಜ್ವಾಲಾಮುಖಿ ಎಂದರು, ಕಬ್ಬಿಣ ಕರಗಿಸಿದ ಕಿಟ್ಟ ಎಂದರು, ಮಧ್ಯಯುಗದ ಸಾಮೂಹಿಕ ದಹನದ ಉಳಿಕೆ ಎಂದರು. ನವಶಿಲಾಯುಗದವರ ದನದ ದೊಡ್ಡಿಯ ಸಗಣಿ ಸುಟ್ಟದ್ದು ಎಂದು 19ನೇ ಶತಮಾನದಲ್ಲೇ ರಾಬರ್ಟ್ ಬ್ರೂಸ್ ಫೂಟ್ ಹೇಳಿದ್ದರು, ಆದರೆ ಹೇಳಿದ್ದಷ್ಟೇ. ಮಾತು ನೆಲೆ ನಿಂತದ್ದು ಎಫ್‌.ಆರ್. ಅಲ್ಚಿನ್ 1957ರಲ್ಲಿ ಉಟ್ನೂರಿನ ದಿಬ್ಬ ಅಗೆದ ಮೇಲೆ, ಮತ್ತು 1960ರಲ್ಲಿ ಎಫ್‌.ಇ. ಝಾಯ್ನರ್ ಬಳ್ಳಾರಿ ಸೀಮೆಯ ದಿಬ್ಬದ ಬೂದಿಯನ್ನು ಪರೀಕ್ಷಿಸಿ ಅದು ಸಗಣಿಯದೇ ಎಂದು ತೋರಿಸಿದ ಮೇಲೆ. ಉಟ್ನೂರಿನಲ್ಲಿ ಸಿಕ್ಕಿದ್ದು ಬೇಲಿಯ ಗೂಟ ನೆಟ್ಟ ಕುಳಿಗಳು ಮತ್ತು ದನದ ಗೊರಸಿನ ಗುರುತುಗಳು. ಕಬ್ಬಿಣದ ಕುಲುಮೆಯಲ್ಲಿ ಗೊರಸಿನ ಗುರುತು ಬೀಳುವುದಿಲ್ಲ, ಚಿತೆಯ ಸುತ್ತ ದೊಡ್ಡಿಯ ಬೇಲಿ ಇರುವುದಿಲ್ಲ. ಎದುರಾಳಿ ವಾದಗಳೆಲ್ಲ ಒಂದೇ ಏಟಿಗೆ ಬಿದ್ದದ್ದು ಹಾಗೆ.

ಈಗ ನಮ್ಮ ಹುಡುಗಿಯ ಪ್ರಸ್ತಾವಕ್ಕೆ ಬರೋಣ. ರೂಢಿಯ ಪ್ರಕಾರ ಅದರ ಶೀರ್ಷಿಕೆ ‘ಸುರಪುರ ತಾಲ್ಲೂಕಿನ ಬೂದಿದಿಬ್ಬಗಳು: ಒಂದು ಅಧ್ಯಯನ’. ಓದುವವನ ಮೊದಲ ಪ್ರಶ್ನೆ: ಇದು ಮುಗಿದ ಮೇಲೆ ಈಗ ಗೊತ್ತಿಲ್ಲದ ಏನು ಗೊತ್ತಾಗುತ್ತದೆ? ಈ ಶೀರ್ಷಿಕೆಯಲ್ಲಿ ಅದಕ್ಕೆ ಉತ್ತರವಿಲ್ಲ, ಇರುವುದು ಜಾಗದ ಹೆಸರು ಮಾತ್ರ. ಅಲ್ಚಿನ್ 1963ರ ಪುಸ್ತಕಕ್ಕೆ ದಕ್ಷಿಣ ಭಾರತದ ನವಶಿಲಾಯುಗದ ದನಗಾಹಿಗಳು ಎಂಬ ಅರ್ಥದ ಹೆಸರಿಟ್ಟರು. ಬೂದಿಯ ಪ್ರಶ್ನೆಗೆ ಅವರ ಉತ್ತರವೇ ಹೆಸರಾಗಿ ಕೂತಿದೆ. (ಅವರ ಉಪಶೀರ್ಷಿಕೆಯಲ್ಲೂ ‘ಅಧ್ಯಯನ’ ಇದೆ, ನಿಜ. ಆದರೆ ಅದು ಹಿಂದೆ ಬಂತು, ಮುಂದೆ ಅಲ್ಲ.) ಪದ್ದಯ್ಯನವರ 1982ರ ಹುಣಸಗಿ ಕಣಿವೆಯ ಪುಸ್ತಕವೂ ಬರೀ ಆಶೂಲಿಯನ್ ಸಂಸ್ಕೃತಿ ಎಂದು ಹೇಳಿ ಸುಮ್ಮನಾಗುವುದಿಲ್ಲ, ವಸತಿ ವ್ಯವಸ್ಥೆಯ ದೃಷ್ಟಿಯಿಂದ ಎಂದು ಸೇರಿಸುತ್ತದೆ. ಕಲ್ಲು ಹೆಕ್ಕುವುದಷ್ಟೇ ತಮ್ಮ ಕೆಲಸವಲ್ಲ, ಆ ಜನ ಎಲ್ಲಿ ನಿಂತರು, ಎಲ್ಲಿಂದ ಎಲ್ಲಿಗೆ ನಡೆದರು ಎಂಬುದೂ ಬೇಕು ಎಂದು ಅವರು ರಕ್ಷಾಪುಟದಲ್ಲೇ ಹೇಳಿಬಿಟ್ಟಿದ್ದಾರೆ.

ಎರಡನೆಯ ಪ್ರಶ್ನೆ: ಇದು ಇನ್ನೂ ಇತ್ಯರ್ಥವಾಗಿಲ್ಲವೇ? ನಮ್ಮ ಪ್ರಸ್ತಾವಗಳು ಇಲ್ಲಿ ಕಣ್ಣುಮುಚ್ಚಿ ಬರೆಯುವ ವಾಕ್ಯ ಒಂದಿದೆ: ‘ಈ ತಾಲ್ಲೂಕನ್ನು ಕುರಿತು ಈವರೆಗೆ ಯಾರೂ ಸಮಗ್ರ ಅಧ್ಯಯನ ಮಾಡಿಲ್ಲ.’ ಇದನ್ನೇ ಸಂಶೋಧನೆಯ ಕಂದರ, ಕೊರತೆ, ಅಂತರ ಎಂದೆಲ್ಲ ಕರೆಯುತ್ತಾರೆ. ಯಾರೂ ಮಾಡಿಲ್ಲ ಎಂಬುದು ನಿಜವಿರಬಹುದು. ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳಿವೆ, ಪ್ರತಿ ತಾಲ್ಲೂಕಿಗೂ ಈ ವಾಕ್ಯ ಹೊಂದುತ್ತದೆ, ಆದ್ದರಿಂದಲೇ ಅದು ಯಾವುದಕ್ಕೂ ಕಾರಣವಾಗುವುದಿಲ್ಲ. ಅನುಮಾನದ ಮನುಷ್ಯ ಕೇಳುವುದು ಬೇರೆ: ಇದುವರೆಗೆ ಮಾಡಿದವರು ಎಲ್ಲಿ ಒಬ್ಬರಿಗೊಬ್ಬರು ಒಪ್ಪಿಲ್ಲ, ಮತ್ತು ಅವರ ಕೈಯಲ್ಲಿದ್ದ ಸಾಕ್ಷ್ಯದಿಂದ ಆ ಜಗಳ ಏಕೆ ಮುಗಿಯಲಿಲ್ಲ?

ಬೂದಿದಿಬ್ಬಗಳಲ್ಲಿ ಅಂಥದೊಂದು ಜಗಳ ಇದೆ. ಅಲ್ಚಿನ್ನರ ಚಿತ್ರದಲ್ಲಿ ಇವು ದನಗಾಹಿಗಳು ಋತುಮಾನಕ್ಕೆ ಬಂದು ದನ ಕೂಡಿದ ದೊಡ್ಡಿಗಳು, ಕೂಡಿಬಿದ್ದ ಸಗಣಿಗೆ ಕಾಲಕಾಲಕ್ಕೆ ಬೆಂಕಿ ಹಾಕಿದರು. ಪದ್ದಯ್ಯ ಸುರಪುರ ತಾಲ್ಲೂಕಿನ ಬೂದಿಹಾಳದಲ್ಲಿ ಅಗೆದಾಗ ದಿಬ್ಬದ ಪಕ್ಕದಲ್ಲೇ ಜನವಸತಿ ಸಿಕ್ಕಿತು, ದನ ಕಡಿದು ಹಸನುಮಾಡಿದ ನೆಲ ಸಿಕ್ಕಿತು, ಕಲ್ಲಿನ ಉಪಕರಣ ಮಾಡಿದ ಜಾಗ ಸಿಕ್ಕಿತು. ಅವರು ಇದನ್ನು ಪಶುಪಾಲಕರ ಊರು ಎಂದೇ ವಾದಿಸಿದರು. ಊರೋ, ಬೀಡೋ? ಇದು ಪ್ರಶ್ನೆ. ಪೂರ್ವಾಧ್ಯಯನಗಳ ಸಮೀಕ್ಷೆ ಎಂಬ ಭಾಗ ಈ ಜಗಳದ ವರದಿಯಾಗಬೇಕೇ ಹೊರತು ಇಸವಿಯ ಪ್ರಕಾರ ಜೋಡಿಸಿದ ಹೆಸರುಗಳ ಮೆರವಣಿಗೆಯಾಗಬಾರದು. ‘ಇವರು ಇಂತಿಂಥ ಪುಸ್ತಕ ಬರೆದಿದ್ದಾರೆ, ಅದು ಮೌಲಿಕವಾಗಿದೆ’ ಎಂಬ ಸಾಲು ಹತ್ತು ಪುಟ ಬಂದರೂ ಓದುವವನಿಗೆ ತಿಳಿಯುವುದು ಒಂದೇ, ಬರೆದವರು ಲೈಬ್ರರಿಗೆ ಹೋಗಿದ್ದರು ಎಂದು.

ನಾನು ಕಂಡ ಹಾಗೆ ಮುಂದಿನ ಭಾಗದಲ್ಲೇ ಪ್ರಸ್ತಾವ ಗೆಲ್ಲುವುದು, ಸೋಲುವುದು. ಉದ್ದೇಶ ಎಂಬ ತಲೆಬರಹದ ಕೆಳಗೆ ನಮ್ಮವರು ‘ಬೆಳಕು ಚೆಲ್ಲುವುದು’, ‘ಗುರುತಿಸುವುದು’, ‘ಪರಿಚಯಿಸುವುದು’ ಎಂದು ಐದಾರು ಬರೆಯುತ್ತಾರೆ. ಇವು ಸೋಲಲಾಗದ ಉದ್ದೇಶಗಳು. ಹೇಗೆ ಮಾಡಿದರೂ ಒಂದಿಷ್ಟು ಬೆಳಕು ಬಿದ್ದೇ ಬೀಳುತ್ತದೆ. ಪರಿಶೀಲಕನ ಪ್ರಶ್ನೆ ಅದಲ್ಲ: ಏನು ಕಂಡರೆ ನೀನು ‘ನನ್ನ ಊಹೆ ತಪ್ಪು’ ಎಂದು ಒಪ್ಪುತ್ತೀಯ? ನಮ್ಮ ಹುಡುಗಿ ಹೀಗೆ ಯೋಚಿಸಬಹುದು. ದನದ ದವಡೆಯ ಕೊನೆಯ ಹಲ್ಲು ಬೆಳೆಯಲು ಒಂದು ವರ್ಷಕ್ಕೂ ಹೆಚ್ಚು ಕಾಲ ಬೇಕು. ಆ ಕಾಲದಲ್ಲಿ ದನ ಕುಡಿದ ನೀರು, ಮೇದ ಮೇವಿನ ಗುರುತು ಹಲ್ಲಿನ ಎನಾಮಲ್‌ನಲ್ಲಿ ಮೇಲಿಂದ ಕೆಳಕ್ಕೆ ಉಳಿಯುತ್ತದೆ. ಎನಾಮಲ್ ಅನ್ನು ಪಟ್ಟಿಪಟ್ಟಿಯಾಗಿ ಕೆರೆದು ಸ್ಟ್ರಾಂಷಿಯಂ ಐಸೊಟೋಪುಗಳನ್ನು ಅಳೆದರೆ ದನ ಮೇದ ನೆಲದ ಬಂಡೆ ಯಾವುದು ಎಂದು ತಿಳಿಯುತ್ತದೆ. ಹಳೆಯ ಗ್ರಾನೈಟಿನ ಮೇಲೆ ಬೆಳೆದ ಹುಲ್ಲಿಗೂ ಉತ್ತರದ ಡೆಕ್ಕನ್ ಟ್ರ್ಯಾಪ್ ಬಸಾಲ್ಟಿನ ಮೇಲೆ ಬೆಳೆದ ಹುಲ್ಲಿಗೂ ಈ ಅಳತೆ ಬೇರೆ ಬೇರೆ. ದನ ಮಳೆಗಾಲದಲ್ಲಿ ಒಂದು ಕಡೆ, ಬೇಸಗೆಯಲ್ಲಿ ಇನ್ನೊಂದು ಕಡೆ ಇದ್ದರೆ ಹಲ್ಲಿನ ಉದ್ದಕ್ಕೂ ಅಳತೆ ಏರಿಳಿಯಬೇಕು. ವರ್ಷಪೂರ್ತಿ ದಿಬ್ಬದ ಆಸುಪಾಸಿನಲ್ಲೇ ಇದ್ದರೆ ಅದು ಸಮನಾಗಿ ಓಡಬೇಕು. ಇಷ್ಟು ಬರೆದ ಮೇಲೆ ‘ಬೆಳಕು ಚೆಲ್ಲುವುದು’ ಬೇಕಾಗುವುದಿಲ್ಲ.

ಆದರೆ ಪರಿಶೀಲಕ ಸುಮ್ಮನಿರುವವನಲ್ಲ. ಸಮನಾಗಿ ಓಡಿದರೆ ದನ ಅಲ್ಲೇ ಇತ್ತು ಎಂದೇಕೆ ಹೇಳಬೇಕು? ಒಂದು ಗ್ರಾನೈಟ್ ಬಯಲಿನಿಂದ ಮೂವತ್ತು ಮೈಲಿ ಆಚೆಯ ಇನ್ನೊಂದು ಗ್ರಾನೈಟ್ ಬಯಲಿಗೆ ಹೋಗಿ ಬಂದಿದ್ದರೂ ಅಳತೆ ಅಷ್ಟೇ ಸಮನಾಗಿರುತ್ತದಲ್ಲ? ಸರಿಯಾದ ಪ್ರಶ್ನೆ. ಇದಕ್ಕೆ ಉತ್ತರ ಪ್ರಸ್ತಾವದಲ್ಲೇ ಇರಬೇಕು. ಮೊದಲು ಸುತ್ತಲಿನ ಬಂಡೆ, ಮಣ್ಣು, ಗಿಡಗಳ ಅಳತೆ ತೆಗೆದು ಯಾವ ಚಲನೆ ಕಾಣುತ್ತದೆ, ಯಾವುದು ಕಾಣುವುದಿಲ್ಲ ಎಂಬ ನಕ್ಷೆ ಮಾಡುತ್ತೇನೆ ಎನ್ನಬೇಕು. ಇನ್ನೂ ಕಷ್ಟದ ಪ್ರಶ್ನೆಯೊಂದಿದೆ: ದನ ವಲಸೆ ಹೋಯಿತೆಂದ ಮಾತ್ರಕ್ಕೆ ಊರು ಖಾಲಿಯಾಯಿತು ಎಂದು ಹೇಗೆ ಹೇಳುತ್ತೀ? ನಾಲ್ವರು ಹುಡುಗರು ದನ ಹೊಡೆದುಕೊಂಡು ಹೋಗಿರಬಹುದು, ಉಳಿದವರು ಮನೆಯಲ್ಲೇ ಇದ್ದಿರಬಹುದು. ಇವತ್ತು ಅದೇ ಯಾದಗಿರಿ ಸೀಮೆಯಿಂದ ಗುಳೆ ಹೊರಟು ಪುಣೆಯ ಕಟ್ಟಡಗಳಲ್ಲಿ ಕೆಲಸ ಮಾಡುವವರ ಊರುಗಳೇನು ಖಾಲಿಯಾಗಿಲ್ಲ. ಮುದುಕರಿದ್ದಾರೆ, ಮಕ್ಕಳಿದ್ದಾರೆ, ಎಮ್ಮೆಯೂ ಇದೆ.

ಈ ಪ್ರಶ್ನೆಗೆ ಹಲ್ಲಿನಲ್ಲಿ ಉತ್ತರವಿಲ್ಲ. ಹಾಗಾದರೆ ಮಾಡಬೇಕಾದದ್ದೇನು? ಪ್ರಶ್ನೆಯನ್ನೇ ಕಿರಿದು ಮಾಡಬೇಕು. ‘ಬೂದಿದಿಬ್ಬ ಊರೋ ಬೀಡೋ’ ಎಂಬುದನ್ನು ಬಿಟ್ಟು ‘ಈ ದಿಬ್ಬದ ದನಗಳು ವರ್ಷದಲ್ಲಿ ಒಂದೇ ಬಗೆಯ ನೆಲದಲ್ಲಿ ಮೇದವೋ, ಬೇರೆ ಬೇರೆ ನೆಲದಲ್ಲೋ’ ಎಂದು ಕೇಳಬೇಕು. ಇದನ್ನು ಬರೆಯಬೇಕಾದ ಜಾಗ ‘ವ್ಯಾಪ್ತಿ ಮತ್ತು ಮಿತಿ’. ನಮ್ಮ ಪ್ರಸ್ತಾವಗಳಲ್ಲಿ ಆ ಭಾಗದ ಸ್ಥಿತಿ ಗೊತ್ತೇ ಇದೆ: ‘ಸಮಯ ಮತ್ತು ಹಣದ ಅಭಾವದಿಂದ ಅಧ್ಯಯನವನ್ನು ಒಂದು ತಾಲ್ಲೂಕಿಗೆ ಸೀಮಿತಗೊಳಿಸಲಾಗಿದೆ.’ ಮಿತಿ ಎಂದರೆ ಕೈಯಲ್ಲಿ ಕಾಸಿಲ್ಲ ಎಂಬ ಅರಿಕೆ ಅಲ್ಲ. ನನ್ನ ಸಾಕ್ಷ್ಯ ಇಲ್ಲಿಯವರೆಗೆ ಮಾತಾಡುತ್ತದೆ, ಇಲ್ಲಿಂದಾಚೆ ಮೂಕ, ಅಲ್ಲಿ ನಾನೂ ಬಾಯಿ ಬಿಡುವುದಿಲ್ಲ ಎಂಬ ಕರಾರು ಅದು. ದುಡ್ಡು ಎಷ್ಟು ಸುರಿದರೂ ಸ್ಟ್ರಾಂಷಿಯಂ ಊರು ಖಾಲಿಯಾಯಿತೇ ಎಂದು ಹೇಳಲಾರದು.

ವಿಧಾನದ ಭಾಗಕ್ಕೂ ಇದೇ ಮಾತು. ‘ಕ್ಷೇತ್ರಕಾರ್ಯ, ಗ್ರಂಥಾಲಯ ಕಾರ್ಯ, ವಿಶ್ಲೇಷಣಾತ್ಮಕ ವಿಧಾನ ಅನುಸರಿಸಲಾಗುವುದು’ ಎಂಬುದು ಅಡುಗೆಗೆ ಒಲೆ, ಪಾತ್ರೆ, ಬೆಂಕಿ ಬಳಸಲಾಗುವುದು ಎಂದ ಹಾಗೆ. ಓದುವವನಿಗೆ ಬೇಕಾದದ್ದು: ಯಾವ ದಿಬ್ಬ, ಎಷ್ಟು ಪದರ, ಎಷ್ಟು ಹಲ್ಲು, ಒಂದು ಹಲ್ಲಿಗೆ ಎಷ್ಟು ಪಟ್ಟಿ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ಕಾಣಬೇಕಾದದ್ದು ಕಾಣದೇ ಹೋದರೆ ಏನು ಅರ್ಥ ಮಾಡುತ್ತೀ? ಬೂದಿದಿಬ್ಬಗಳಲ್ಲಿ ಈ ಕೊನೆಯ ಪ್ರಶ್ನೆ ಸುಮ್ಮನೆ ಕೇಳುವಂಥದ್ದಲ್ಲ. ಸಗಣಿಯನ್ನು ಸೂಕ್ಷ್ಮದರ್ಶಕದಲ್ಲಿ ಗುರುತಿಸುವ ಒಂದು ಉಪಾಯ, ಮೆಲುಕು ಹಾಕುವ ಪ್ರಾಣಿಗಳ ಕರುಳಿನಲ್ಲಿ ಹುಟ್ಟಿ ಸಗಣಿಯ ಜೊತೆ ಬೀಳುವ ಸಣ್ಣ ಸುಣ್ಣದ ಗೋಲಗಳನ್ನು ಹುಡುಕುವುದು. ಅವು ಕ್ಯಾಲ್ಸಿಯಂ ಕಾರ್ಬೊನೇಟಿನವು, ಸುಮಾರು 700 ಡಿಗ್ರಿ ಸೆಲ್ಸಿಯಸ್ ದಾಟಿದರೆ ಉಳಿಯುವುದಿಲ್ಲ. ದಿಬ್ಬದ ಗಾಜಿನಂಥ ಪದರ ಅದಕ್ಕಿಂತ ಬಹಳ ಹೆಚ್ಚು ಕಾದದ್ದು. ಆ ಪದರದಲ್ಲಿ ಗೋಲಗಳು ಸಿಗಲಿಲ್ಲ ಎಂದು ‘ಇಲ್ಲಿ ಸಗಣಿ ಇರಲಿಲ್ಲ’ ಎಂದು ಬರೆದವಳು ಬೆಂಕಿಯನ್ನು ಸಾಕ್ಷಿ ಎಂದು ತಪ್ಪು ತಿಳಿದಂತೆ. ಇದನ್ನು ಮೊದಲೇ ಬಲ್ಲವಳು ಮೆತ್ತನೆಯ ಬೂದಿಯಲ್ಲಿ ಗೋಲಗಳನ್ನು ಹುಡುಕುತ್ತೇನೆ, ಗಾಜಿನ ಪದರಕ್ಕೆ ಆ ಪರೀಕ್ಷೆ ಹಾಕುವುದಿಲ್ಲ, ಅಲ್ಲಿ ಹುಲ್ಲಿನ ಸಿಲಿಕಾ ಕಣಗಳು ಕರಗಿ ಉಳಿಸಿದ್ದನ್ನು ನೋಡುತ್ತೇನೆ ಎಂದು ಬರೆಯುತ್ತಾಳೆ. ಪರಿಶೀಲಕ ಆ ಒಂದು ವಾಕ್ಯ ಓದಿದೊಡನೆ ಇವಳು ಬೂದಿ ಮುಟ್ಟಿ ನೋಡಿದವಳು ಎಂದು ತಿಳಿಯುತ್ತಾನೆ.

ಕಾಲಪಟ್ಟಿ ಮತ್ತು ಖರ್ಚಿನ ವಿವರ ಗುಮಾಸ್ತರಿಗೆ ಬಿಟ್ಟ ಭಾಗಗಳು ಎಂಬ ಭಾವನೆಯಿದೆ. ಅಲ್ಲ, ‘ಇದು ಆಗುವ ಕೆಲಸವೇ?’ ಎಂಬ ಪ್ರಶ್ನೆಗೆ ಉತ್ತರ ಇರುವುದು ಅಲ್ಲಿಯೇ. ಮೊದಲು, ದಿಬ್ಬ ಇನ್ನೂ ಇದೆಯೇ? ರೈತರು ಬೂದಿಯನ್ನು ಗೊಬ್ಬರಕ್ಕೆಂದು ಹೊಲಕ್ಕೆ ಸಾಗಿಸಿ ಎಷ್ಟೋ ದಿಬ್ಬಗಳು ಕರಗಿವೆ, ಹಳೆಯ ವರದಿಯಲ್ಲಿ ಓದಿ ಹೊರಟವರು ಹೋಗಿ ನೋಡಿದರೆ ಜೋಳದ ಹೊಲ. ಅಗೆಯುವುದಾದರೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಪರವಾನಗಿ ಬೇಕು, ಅದು ಸಂಸ್ಥೆಯ ಮೂಲಕ ಹೋಗಬೇಕು, ಮಳೆಗಾಲದಲ್ಲಿ ಕರಿಮಣ್ಣಿನಲ್ಲಿ ಅಗೆಯಲಾಗುವುದಿಲ್ಲ. ಮೊದಲ ವರ್ಷದ ಜುಲೈಯಲ್ಲಿ ಉತ್ಖನನ ಎಂದು ಕಾಲಪಟ್ಟಿಯಲ್ಲಿ ಬರೆದವರು ಸುರಪುರ ನೋಡಿಲ್ಲ ಎಂದು ಯಾರಾದರೂ ಹೇಳುತ್ತಾರೆ. ಅದಕ್ಕಿಂತ ಚುರುಕಾದ ಪರಿಶೀಲಕ ಇನ್ನೊಂದು ಕೇಳುತ್ತಾನೆ: ಹೊಸದಾಗಿ ಅಗೆಯುವುದೇ ಬೇಕೆ? ಹಳೆಯ ಉತ್ಖನನಗಳ ದನದ ಹಲ್ಲು, ಎಲುಬು ಸಂಸ್ಥೆಗಳ ಉಗ್ರಾಣದಲ್ಲಿ ಪದರದ ಚೀಟಿ ಸಮೇತ ಇದ್ದರೆ ಅಲ್ಲಿಂದಲೇ ಶುರು ಮಾಡಬಹುದು. ಚೀಟಿ ಇಲ್ಲದ ಹಲ್ಲು ಇದಕ್ಕೆ ಬರುವುದಿಲ್ಲ. ಯಾವ ಪದರದ್ದೆಂದು ತಿಳಿಯದ ಹಲ್ಲು ಬರಿಯ ಹಲ್ಲು.

ಇಷ್ಟಕ್ಕೆ ಎದುರು ಹೇಳುವವರಿದ್ದಾರೆ, ಅವರ ಮಾತು ಹಗುರವಲ್ಲ. ಮಾನವಿಕಗಳಲ್ಲಿ, ಅದರಲ್ಲೂ ಅಗೆಯುವ ಕೆಲಸದಲ್ಲಿ, ಏನು ಸಿಗುತ್ತದೆಂದು ಮೊದಲೇ ಯಾರಿಗೆ ಗೊತ್ತು? ಪ್ರಾಕ್ಕಲ್ಪನೆ ಕಟ್ಟಿಕೊಂಡು ಹೋದವನು ಅದನ್ನೇ ಕಾಣುತ್ತಾನೆ, ಬಿಡುಗಣ್ಣಿನಿಂದ ಹೋದವನಿಗೆ ಹೊಸದು ಕಾಣುತ್ತದೆ ಎನ್ನುತ್ತಾರೆ ಅವರು. ಅರ್ಧ ನಿಜ. ಊಹಿಸಿದ್ದನ್ನೇ ಕಾಣುವ ರೋಗ ಇದೆ. ಆದರೆ ಅದು ಅಂಟುವುದು ಒಂದೇ ಊಹೆ ಇಟ್ಟುಕೊಂಡವರಿಗೆ. ಎರಡು ಎದುರಾಳಿ ಊಹೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟುಕೊಂಡು, ಇದಾದರೆ ಹೀಗೆ ಕಾಣಬೇಕು, ಅದಾದರೆ ಹಾಗೆ ಎಂದು ಬರೆದಿಟ್ಟುಕೊಂಡವರಿಗೆ ಎರಡಕ್ಕೂ ಹೊಂದದ ಮೂರನೆಯದು ಕಂಡರೆ ಕೂಡಲೇ ಗೊತ್ತಾಗುತ್ತದೆ. ಬಿಡುಗಣ್ಣಿನವರಿಗೆ ಎಲ್ಲವೂ ಹೊಸದೇ, ಹಾಗಾಗಿ ಯಾವುದೂ ಹೊಸದಲ್ಲ. ನಾಲ್ಕು ಚೀಲ ಮಡಕೆಚೂರು, ಎರಡು ಬುಟ್ಟಿ ಎಲುಬು, ‘ಸಾಂಸ್ಕೃತಿಕವಾಗಿ ಮಹತ್ವದವು’.

ಇನ್ನೊಂದು ಆಕ್ಷೇಪ ಜಾಣತನದ್ದು: ಸಮಿತಿಯಲ್ಲಿ ಯಾರು ಓದುತ್ತಾರೆ ಸ್ವಾಮಿ, ತಲೆಬರಹ ಇದೆಯೇ ನೋಡಿ ಸಹಿ ಹಾಕುತ್ತಾರೆ. ಇದು ನಿಜವಾಗಿರುವ ಕಡೆ ತಪ್ಪು ಬರೆದವರದಲ್ಲ, ಸಹಿ ಹಾಕಿದವರದು. ‘ಪ್ರಾಕ್ಕಲ್ಪನೆ ಎಲ್ಲಿ?’ ಎಂದು ಕೇಳಿ, ಒಂದು ಸಾಲು ತೋರಿಸಿದರೆ ತಲೆಯಾಡಿಸುವ ಪರಿಶೀಲಕರೇ ಖಾನೆ ತುಂಬುವ ಚಾಳಿಯನ್ನು ಬೆಳೆಸಿದವರು. ಅವರು ಆ ಸಾಲನ್ನು ಮೇಲಿನ ಸ್ಟ್ರಾಂಷಿಯಂನ ಹಾಗೆ ಎದುರು ಪ್ರಶ್ನೆ ಹಾಕಿ ಕೆದಕಿದ್ದರೆ ಮುಂದಿನ ಬ್ಯಾಚಿನವರು ಹಿಂದಿನವರದನ್ನು ಇಸಕೊಳ್ಳುವ ಧೈರ್ಯ ಮಾಡುತ್ತಿರಲಿಲ್ಲ.

ಕೊನೆಗೆ ಅಧ್ಯಾಯ ವಿಂಗಡಣೆ. ಕನ್ನಡ ವಿಭಾಗಗಳ ಸಿನಾಪ್ಸಿಸ್‌ಗಳಲ್ಲಿ ಇದಿಲ್ಲದೆ ನಡೆಯುವುದಿಲ್ಲ: ಅಧ್ಯಾಯ ಒಂದು ಪ್ರಸ್ತಾವನೆ, ಎರಡು ತಾಲ್ಲೂಕಿನ ಭೌಗೋಳಿಕ ಪರಿಸರ, ಮೂರು ಐತಿಹಾಸಿಕ ಹಿನ್ನೆಲೆ, ಹೀಗೆ ಏಳನೆಯದಕ್ಕೆ ಉಪಸಂಹಾರ. ಯಾವ ಪರಿಶೀಲಕನ ಯಾವ ಪ್ರಶ್ನೆಗೆ ಇದು ಉತ್ತರ? ನನಗೆ ಒಂದೂ ಹೊಳೆಯುವುದಿಲ್ಲ. ಒಂದು ಹಲ್ಲನ್ನೂ ಕೆರೆಯುವ ಮೊದಲು ಏಳನೆಯ ಅಧ್ಯಾಯದ ಹೆಸರು ಗೊತ್ತಿರುವವರಿಗೆ ಆ ಹಲ್ಲಿನಿಂದ ಕೇಳಬೇಕಾದದ್ದು ಏನೂ ಉಳಿದಿಲ್ಲ ಎಂದಾಯಿತು. ಆ ಪುಟವನ್ನು ಹರಿದು ಆ ಜಾಗದಲ್ಲಿ, ಬೂದಿಹಾಳದ ದನಗಳ ಹಲ್ಲೆಲ್ಲ ಸಮನಾಗಿ ಓಡಿದರೆ ಎರಡನೆಯ ವರ್ಷ ಏನು ಮಾಡುತ್ತೇನೆ ಎಂದು ಬರೆಯಲಿ.